ಶ್ರಮದಾನ, ವಸ್ತು ರೂಪದ ಕೊಡುಗೆಯನ್ನು ಬಜೆಟ್‌ನಲ್ಲಿ ಬರೆಯುವುದು ಹೇಗೆ: ಸಣ್ಣ ಟ್ರಸ್ಟ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಸಣ್ಣ ಟ್ರಸ್ಟ್‌ಗಳು ಅನುದಾನಕ್ಕೆ ಹಾಕುವ ಬಜೆಟ್‌ಗಳನ್ನು ನೋಡಿಕೊಡುವುದು ನನ್ನ ಕೆಲಸ. ವಾಪಸ್ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಮುಗ್ಗರಿಸುವುದು ಒಂದೇ ಜಾಗದಲ್ಲಿ, ‘ನಿಮ್ಮ ಪಾಲು’ ಅನ್ನುವ, ಅಂದರೆ ವೆಚ್ಚದಲ್ಲಿ ಟ್ರಸ್ಟ್ ತಾನೇ ಹೊರಬೇಕಾದ ಭಾಗದ ಕಾಲಂನಲ್ಲಿ. ಊರವರು ಕೋಣೆ ಕೊಟ್ಟಿರುತ್ತಾರೆ, ಪುಸ್ತಕ ಕೊಟ್ಟಿರುತ್ತಾರೆ, ಭಾನುವಾರ ಬಂದು ಸುಣ್ಣ ಬಳಿದಿರುತ್ತಾರೆ. ಅದೆಲ್ಲ ನಿಜ. ಆದರೆ ಕಾಗದದ ಮೇಲೆ ಬರುವಾಗ ಅದಕ್ಕೆ ತಳಬುಡ ಇಲ್ಲದ ಒಂದು ಮೊತ್ತ ಅಂಟಿಕೊಂಡಿರುತ್ತದೆ.

ಹಾವೇರಿ ಕಡೆಯ ಒಂದು ಹಳ್ಳಿಯ ಟ್ರಸ್ಟ್‌ನವರ ಜೊತೆ ಕೂತು ಸರಿ ಮಾಡಿದ ಬಜೆಟ್ ಒಂದನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಮಕ್ಕಳ ಗ್ರಂಥಾಲಯ, 10 ತಿಂಗಳ ಯೋಜನೆ. ಅನುದಾನ 3,00,000 ರೂಪಾಯಿ. ಟ್ರಸ್ಟ್ ತನ್ನ ಪಾಲು ತೋರಿಸಬೇಕು, ನಿಯಮದಲ್ಲಿ ಇದ್ದದ್ದು ‘ಶೇ. 25 ನಿಮ್ಮ ಪಾಲು’ ಅಂತ. ಅವರು ಮೊದಲು ಬರೆದುಕೊಂಡು ಹೋಗಿದ್ದು ಹೀಗಿತ್ತು: ಕೋಣೆ ಬಾಡಿಗೆ 50,000, ಪುಸ್ತಕ 46,000, ಬಡಗಿ ಕೆಲಸ 6,000, ಶ್ರಮದಾನ 14,000, ಕಥೆ ಹೇಳುವ ಮೇಷ್ಟ್ರ ಸಮಯ 43,200. ಒಟ್ಟು 1,59,200. ನಗದು ಒಂದು ರೂಪಾಯಿಯೂ ಇಲ್ಲ. ಅರ್ಜಿ ಆರು ಪ್ರಶ್ನೆಗಳ ಜೊತೆ ವಾಪಸ್ ಬಂತು.

## ಮೊದಲು ಕೈಯಲ್ಲಿ ಇರಬೇಕಾದದ್ದು

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಅನುದಾನದ ನಿಯಮಗಳ ಪ್ರಿಂಟ್, ಒಂದು ಸ್ಪ್ರೆಡ್‌ಶೀಟ್, ಹಾಜರಿಗೆ ಒಂದು ರಟ್ಟಿನ ಪುಸ್ತಕ, ವಸ್ತುಗಳಿಗೆ ಒಂದು ದಾಸ್ತಾನು ಪುಸ್ತಕ, ದರಗಳ ಪುರಾವೆ ಹಾಕಿಡಲು ಒಂದು ಫೈಲ್. ಹಾಜರಿ ಪುಸ್ತಕ ಹಾಳೆ ಹರಿಯಲಾಗದ, ಪುಟ ಸಂಖ್ಯೆ ಇರುವಂಥದ್ದಾಗಿರಲಿ. ಬಿಡಿ ಹಾಳೆಯಲ್ಲಿ ಬರೆದ ಹಾಜರಿಯನ್ನು ಲೆಕ್ಕ ನೋಡುವವರು ನಂಬುವುದು ಕಷ್ಟ.

## ಹಂತ 1: ಶೇಕಡಾ ಯಾವುದರ ಮೇಲೆ ಅಂತ ಕೇಳಿ

‘ಶೇ. 25 ನಿಮ್ಮ ಪಾಲು’ ಅಂದರೆ ಏನು? ಒಟ್ಟು ಯೋಜನಾ ವೆಚ್ಚದ ಶೇ. 25 ಆದರೆ, 3,00,000 ಅನುದಾನಕ್ಕೆ ಒಟ್ಟು ವೆಚ್ಚ 4,00,000 ಆಗಬೇಕು, ನಿಮ್ಮ ಪಾಲು 1,00,000. ಅನುದಾನದ ಶೇ. 25 ಆದರೆ ನಿಮ್ಮ ಪಾಲು ಬರೀ 75,000. ಒಂದು ಪದದಲ್ಲಿ 25,000 ರೂಪಾಯಿ ವ್ಯತ್ಯಾಸ. ಅನುಮಾನ ಇದ್ದರೆ ಫೋನ್ ಮಾಡಿ ಸುಮ್ಮನಾಗಬೇಡಿ, ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು ಒಟ್ಟು ವೆಚ್ಚದ ಮೇಲೆ. ಹಾಗಾಗಿ ಗುರಿ 1,00,000.

ಇದೇ ಇಮೇಲ್‌ನಲ್ಲಿ ಇನ್ನು ಮೂರು ವಿಷಯ ಕೇಳಿಬಿಡಿ. ಪಾಲಿನಲ್ಲಿ ಇಂತಿಷ್ಟು ನಗದೇ ಇರಬೇಕು ಅಂತ ಇದೆಯಾ? ಶ್ರಮದಾನಕ್ಕೆ ಅವರೇ ಗೊತ್ತು ಮಾಡಿದ ದರ ಇದೆಯಾ? ಯಾವ ದಿನಾಂಕದಿಂದ ಬಂದ ಕೊಡುಗೆ ಲೆಕ್ಕಕ್ಕೆ ಬರುತ್ತದೆ? ಸಾಮಾನ್ಯವಾಗಿ ಯೋಜನೆ ಶುರುವಾಗುವ ದಿನಕ್ಕಿಂತ ಮುಂಚೆ ಸಿಕ್ಕಿದ್ದನ್ನು ಒಪ್ಪುವುದಿಲ್ಲ. ಹೋದ ವರ್ಷ ಯಾರೋ ಕೊಟ್ಟ ಕಂಪ್ಯೂಟರ್ ಈ ವರ್ಷದ ಪಾಲಾಗುವುದಿಲ್ಲ.

ನಿಯಮ ಎಲ್ಲ ಕಡೆ ಒಂದೇ ಇರುವುದಿಲ್ಲ ಅನ್ನುವುದಕ್ಕೆ ಎರಡು ಉದಾಹರಣೆ. ಜಲ ಜೀವನ್ ಮಿಷನ್‌ನಲ್ಲಿ ಊರೊಳಗಿನ ಕಾಮಗಾರಿಯ ವೆಚ್ಚದ ಶೇ. 10ನ್ನು ಊರವರು ನಗದು, ವಸ್ತು, ಕೂಲಿ ಯಾವ ರೂಪದಲ್ಲಾದರೂ ಕೊಡಬಹುದು. ಗುಡ್ಡಗಾಡು, ಕಾಡಂಚಿನ ಊರುಗಳಿಗೆ ಮತ್ತು ಪರಿಶಿಷ್ಟರು ಅರ್ಧಕ್ಕಿಂತ ಜಾಸ್ತಿ ಇರುವ ಊರುಗಳಿಗೆ ಅದು ಶೇ. 5. ಅಮೆರಿಕದಲ್ಲಿ ಕನ್ನಡ ಕೂಟ ನಡೆಸುವವರು ಅಲ್ಲಿನ ಕೇಂದ್ರ ಸರ್ಕಾರದ ಅನುದಾನ ತೆಗೆದುಕೊಂಡರೆ 2 ಸಿಎಫ್‌ಆರ್ 200.306 ಅನ್ನುವ ನಿಯಮ ನೋಡಬೇಕು. ಅದರ ಪ್ರಕಾರ ಸ್ವಯಂಸೇವಕರ ಗಂಟೆಗೆ, ಅದೇ ಥರದ ಕೆಲಸಕ್ಕೆ ನೀವು ಕೊಡುವ ಸಂಬಳದ ದರವೇ ಅಳತೆ. ಅಂಥ ಕೆಲಸಕ್ಕೆ ನಿಮ್ಮಲ್ಲಿ ಸಂಬಳದವರು ಇಲ್ಲದಿದ್ದರೆ ಅಲ್ಲಿನ ಮಾರುಕಟ್ಟೆಯ ದರ.

## ಹಂತ 2: ಬೆಲೆ ಹಾಕುವ ಮುಂಚೆ ಜರಡಿ ಹಿಡಿಯಿರಿ

ಇಲ್ಲಿ ಆತುರ ಬೇಡ. ಸಿಕ್ಕಿದ್ದೆಲ್ಲದರ ಪಟ್ಟಿ ಬರೆದು, ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಪುಕ್ಕಟೆ ಸಿಗದಿದ್ದರೆ, ಈ ಯೋಜನೆಗಾಗಿ ನಾವು ದುಡ್ಡು ಕೊಟ್ಟು ತರುತ್ತಿದ್ದೆವಾ? ‘ಇಲ್ಲ’ ಅಂತ ಬಂದರೆ ಬಿಟ್ಟುಬಿಡಿ. ಗ್ರಂಥಾಲಯಕ್ಕೆ ಯಾರೋ ಹಳೇ ಸೋಫಾ ಸೆಟ್ ಕಳಿಸಿದ್ದರು. ಒಳ್ಳೆಯ ಮನಸ್ಸು, ಸರಿ. ಆದರೆ ಮಕ್ಕಳಿಗೆ ಕೂರಲು ಜಮಖಾನ ಹಾಕುವ ಯೋಜನೆಗೆ ಸೋಫಾ ಬೇಕಿರಲಿಲ್ಲ. ಅದು ಪಟ್ಟಿಯಿಂದ ಹೊರಗೆ.

ಆಮೇಲೆ ನೋಡಬೇಕಾದದ್ದು ಎರಡೆರಡು ಸಲ ಲೆಕ್ಕಕ್ಕೆ ಬರುವವು. ಒಂದೇ ಗಂಟೆಯನ್ನು ಎರಡು ಅನುದಾನಕ್ಕೆ ತೋರಿಸುವ ಹಾಗಿಲ್ಲ. ಬೇರೆ ಅನುದಾನದ ದುಡ್ಡಲ್ಲಿ ಕೊಂಡ ಪ್ರೊಜೆಕ್ಟರನ್ನು ಇಲ್ಲಿ ‘ಕೊಡುಗೆ’ ಅನ್ನುವ ಹಾಗಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರು ಶಾಲೆಯ ಸಮಯದಲ್ಲೇ ಬಂದು ಪಾಠ ಮಾಡಿದರೆ ಆ ಗಂಟೆಗೆ ಆಗಲೇ ಸಂಬಳ ಸಿಕ್ಕಿದೆ, ಅದು ಸ್ವಯಂಸೇವೆ ಅಲ್ಲ. ಅದೇ ಮೇಷ್ಟ್ರು ಸಂಜೆ ಬಂದರೆ ಲೆಕ್ಕಕ್ಕೆ ಬರುತ್ತದೆ. ಹಳ್ಳಿಗಳಲ್ಲಿ ಇನ್ನೊಂದು ಸಿಕ್ಕು ಇದೆ: ನಮ್ಮ ಶ್ರಮದಾನದ ಹಾಜರಿಯಲ್ಲಿರುವ ಹೆಸರೇ ಅದೇ ದಿನ ನರೇಗಾದಂಥ ಸರ್ಕಾರಿ ಕೂಲಿ ಕೆಲಸದ ಹಾಜರಿಯಲ್ಲೂ ಇದ್ದರೆ ಉತ್ತರ ಕೊಡುವುದು ಕಷ್ಟ. ಶ್ರಮದಾನವನ್ನು ಭಾನುವಾರ ಇಟ್ಟುಕೊಂಡರೂ ಒಮ್ಮೆ ಕೇಳಿ ನೋಡಿ.

ಟ್ರಸ್ಟಿಗಳ ಮೀಟಿಂಗ್ ಸಮಯವನ್ನೂ ಹಾಕಲು ಹೋಗಬೇಡಿ. ಅದು ಟ್ರಸ್ಟ್ ನಡೆಸುವ ಕೆಲಸ, ಯೋಜನೆಯ ಕೆಲಸ ಅಲ್ಲ. ಟ್ರಸ್ಟಿಯೇ ಬ್ರಷ್ ಹಿಡಿದು ಗೋಡೆಗೆ ಬಣ್ಣ ಹೊಡೆದರೆ ಮಾತ್ರ ಆ ಗಂಟೆ ಹಾಕಬಹುದು.

## ಹಂತ 3: ಬೆಲೆ ಕಟ್ಟುವುದು

ಕೋಣೆ. ಟ್ರಸ್ಟ್‌ನವರು ತಿಂಗಳಿಗೆ 5,000 ಹಾಕಿದ್ದರು. ಎಲ್ಲಿಂದ ಬಂತು ಅಂದರೆ, ‘ತಾಲೂಕಿನಲ್ಲಿ ಅಷ್ಟಿದೆ ಅಲ್ವಾ’ ಅಂದರು. ಕೋಣೆ ಇರುವುದು ಹಳ್ಳಿಯಲ್ಲಿ, ತಾಲೂಕು ಕೇಂದ್ರದಲ್ಲಿ ಅಲ್ಲವಲ್ಲ. ಅದೇ ಬೀದಿಯಲ್ಲಿ ಹೆಚ್ಚೂಕಡಿಮೆ ಅಷ್ಟೇ ಅಗಲದ ಮೂರು ಕೋಣೆಗಳ ಬಾಡಿಗೆ ವಿಚಾರಿಸಿದೆವು: ಎರಡು 2,000, ಒಂದು 2,500. ನಾವು 2,000 ಹಿಡಿದೆವು. 10 ತಿಂಗಳಿಗೆ 20,000. ಯಾರ ಕೋಣೆ, ಎಷ್ಟು ಬಾಡಿಗೆ, ಯಾವತ್ತು ವಿಚಾರಿಸಿದ್ದು ಅಂತ ಅರ್ಧ ಪುಟ ಬರೆದು ಫೈಲಿಗೆ ಹಾಕಿದೆವು. ಒಂದು ಎಚ್ಚರಿಕೆ: ಕಟ್ಟಡ ಟ್ರಸ್ಟ್‌ನದ್ದೇ ಆಗಿದ್ದರೆ ನಿಮಗೆ ನೀವೇ ಬಾಡಿಗೆ ಕೊಡುವ ಲೆಕ್ಕ ಹಾಕಬೇಡಿ, ಅದಕ್ಕೆ ಏನು ಒಪ್ಪುತ್ತಾರೆ ಅಂತ ಮೊದಲು ಕೇಳಿ.

ಪುಸ್ತಕ. ಒಟ್ಟು 460 ಪುಸ್ತಕ ಬಂದಿದ್ದವು. ಒಂದಕ್ಕೆ 100 ರೂಪಾಯಿ ಅಂತ ಸಗಟಾಗಿ ಹಾಕಿದ್ದರು. ಎಲ್ಲವನ್ನೂ ನೆಲದ ಮೇಲೆ ಹರಡಿ ಮೂರು ರಾಶಿ ಮಾಡಿದೆವು. ಬಿಲ್ ಸಮೇತ ಬಂದ ಹೊಸ ಪುಸ್ತಕ 150. ಅವುಗಳ ಬಿಲ್ ಮೊತ್ತ 18,000, ಅದನ್ನೇ ಹಿಡಿದೆವು. ಓದುವಂತಿರುವ ಹಳೆಯವು 250. ಮುಖಬೆಲೆ ನೋಡಲಿಲ್ಲ, ಹಳೇ ಪುಸ್ತಕದ ಅಂಗಡಿಯಲ್ಲಿ ಅಂಥವು ಯಾವ ಬೆಲೆಗೆ ಸಿಗುತ್ತವೆ ಅಂತ ಕೇಳಿ ಒಂದಕ್ಕೆ 30ರಂತೆ 7,500. ಮೂರನೇ ರಾಶಿ 60 ಪುಸ್ತಕ: ಹಳೇ ಸಿಲಬಸ್‌ನ ಗೈಡುಗಳು, ಗೆದ್ದಲು ಹಿಡಿದವು, ನಡುವೆ ಪುಟ ಹಾರಿಹೋದವು. ಬೆಲೆ ಸೊನ್ನೆ. ಒಟ್ಟು 25,500.

ಮೂರನೇ ರಾಶಿಯನ್ನು ದಾಸ್ತಾನು ಪುಸ್ತಕದಲ್ಲಿ ಬರೆಯಬೇಕಾ ಅಂತ ಕೇಳುತ್ತಾರೆ. ಬರೆಯಿರಿ, ಬೆಲೆ 0 ಅಂತಲೇ ಬರೆಯಿರಿ. ಆ 60 ಸೊನ್ನೆಗಳನ್ನು ನೋಡಿದವರು ಉಳಿದ 400ನ್ನು ನಂಬುತ್ತಾರೆ.

ಬಡಗಿ. ಊರಿನ ಬಡಗಿಯೊಬ್ಬರು 6 ದಿನ ಪುಕ್ಕಟೆ ಕೆಲಸ ಮಾಡುತ್ತೇನೆ ಅಂದಿದ್ದರು. ಅವರು ಮಾಡುವುದು ಅವರ ಕಸುಬನ್ನೇ. ಹಾಗಾಗಿ ಅವರು ಬೇರೆಯವರ ಮನೆಯಲ್ಲಿ ತೆಗೆದುಕೊಳ್ಳುವ ದಿನಗೂಲಿಯೇ ದರ, 1,000. ಒಟ್ಟು 6,000. ಕೆಲಸ ಮುಗಿದ ಮೇಲೆ ಅವರಿಂದ ಒಂದು ಚೀಟಿ ಬರೆಸಿಕೊಳ್ಳಿ: ‘6 ದಿನದ ಕೂಲಿ, ದಿನಕ್ಕೆ 1,000ರಂತೆ 6,000. ಗ್ರಂಥಾಲಯಕ್ಕೆ ಉಚಿತ. ತೆಗೆದುಕೊಂಡದ್ದು 0.’ ಕೆಳಗೆ ಸಹಿ. ಮೊದಲ ಪಟ್ಟಿಯಲ್ಲಿ ಬದಲಾಗದೆ ಉಳಿದದ್ದು ಈ ಒಂದು ಸಾಲು ಮಾತ್ರ.

ಶ್ರಮದಾನ. ಗೋಡೆ ಕೆರೆದು ಸುಣ್ಣಬಣ್ಣ ಮಾಡಲು 14 ಜನ, ಎರಡು ಭಾನುವಾರ. ಟ್ರಸ್ಟ್‌ನವರು 28 ಆಳು, ಆಳಿಗೆ 500 ಅಂತ 14,000 ಹಾಕಿದ್ದರು. ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿದೆ. ‘ಒಂಬತ್ತಕ್ಕೆ ಬಂದು ಒಂದಕ್ಕೆ ಊಟ ಮಾಡಿಕೊಂಡು ಹೋಗ್ತಾರೆ ಮೇಡಂ’ ಅಂದರು. ಅಂದರೆ 4 ಗಂಟೆ, ಅರ್ಧ ಆಳು. 28 ಇದ್ದದ್ದು 14 ಆಳಾಯಿತು.

ದರದ ವಿಷಯ ಬಂದಾಗ, 500ಕ್ಕೆ ಯಾರ ಹತ್ತಿರವೂ ಪುರಾವೆ ಇರಲಿಲ್ಲ. ಅನುದಾನ ಕೊಡುವವರೂ ದರ ಹೇಳಿರಲಿಲ್ಲ. ಹಾಗಾಗಿ ಕರ್ನಾಟಕದ 2025-26ರ ನರೇಗಾ ಕೂಲಿ, ದಿನಕ್ಕೆ 370 ರೂಪಾಯಿ ಹಿಡಿದೆವು. ಊರಿನ ಕೂಲಿ ಅದಕ್ಕಿಂತ ಜಾಸ್ತಿ ಇರಬಹುದು, ಆದರೆ ಸರ್ಕಾರ ಪ್ರಕಟಿಸಿದ ದರದ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. 14 ಆಳಿಗೆ 5,180. ಜಾಸ್ತಿ ದರ ಹಾಕಲೇಬೇಕು ಅಂದರೆ, ಇತ್ತೀಚೆಗೆ ಅದೇ ಊರಲ್ಲಿ ಕೂಲಿ ಕೊಟ್ಟ ವೋಚರ್ ಒಂದೆರಡು ಜೊತೆಗಿರಲಿ. ಇಂಥ ಸರ್ಕಾರಿ ದರ ಬದಲಾಗುತ್ತಿರುತ್ತದೆ, ಹಳೇ ಬಜೆಟ್‌ನಿಂದ ನಕಲು ಮಾಡಬೇಡಿ.

ಕಥೆ ಹೇಳುವ ಮೇಷ್ಟ್ರು. ಜಾಸ್ತಿ ಚರ್ಚೆ ಆಗಿದ್ದು ಇಲ್ಲೇ. ನಿವೃತ್ತ ಹೈಸ್ಕೂಲ್ ಮೇಷ್ಟ್ರು ವಾರಕ್ಕೆ 3 ದಿನ, ದಿನಕ್ಕೆ 2 ಗಂಟೆ ಬಂದು ಮಕ್ಕಳಿಗೆ ಕಥೆ ಓದಿ ಹೇಳುತ್ತಾರೆ. ದಸರಾ ರಜೆ, ಪರೀಕ್ಷೆ ಸಮಯ ಕಳೆದು 36 ವಾರ. ಒಟ್ಟು 216 ಗಂಟೆ. ಟ್ರಸ್ಟ್‌ನವರು ಗಂಟೆಗೆ 200 ಹಾಕಿದ್ದರು, ‘ಅವರ ಸಂಬಳ ಅಷ್ಟಿತ್ತು’ ಅಂತ.

ಸ್ವಯಂಸೇವಕರ ಸಮಯಕ್ಕೆ ಬೆಲೆ ಹಾಕುವಾಗ ನೋಡಬೇಕಾದದ್ದು ಅವರು ಇಲ್ಲಿ ಮಾಡುವ ಕೆಲಸ ಯಾವುದು ಅಂತ. ಅವರು ಯಾರು, ಹೊರಗೆ ಎಷ್ಟು ದುಡಿಯುತ್ತಾರೆ ಅನ್ನುವುದು ಲೆಕ್ಕಕ್ಕಿಲ್ಲ. ಎಂಜಿನಿಯರ್ ಬಂದು ಗೋಡೆಗೆ ಬಣ್ಣ ಹೊಡೆದರೆ ಬಣ್ಣ ಹೊಡೆಯುವವರ ಕೂಲಿ. ಅದೇ ಎಂಜಿನಿಯರ್ ಸೋರುವ ಛಾವಣಿ ನೋಡಿ ಅಂದಾಜುಪಟ್ಟಿ ಮಾಡಿಕೊಟ್ಟರೆ ಆಗ ಎಂಜಿನಿಯರ್ ದರ. ಈ ಯೋಜನೆಯಲ್ಲೇ ಸಂಬಳಕ್ಕೆ ಒಬ್ಬ ಗ್ರಂಥಪಾಲಕಿ ಇದ್ದಾರೆ, ತಿಂಗಳಿಗೆ 12,000. 26 ದಿನ, ದಿನಕ್ಕೆ 6 ಗಂಟೆ ಅಂದರೆ 156 ಗಂಟೆ. ಗಂಟೆಗೆ 76.92 ಬಿತ್ತು. ಮೇಷ್ಟ್ರು ಮಾಡುವುದೂ ಮಕ್ಕಳ ಜೊತೆಗಿನ ಅಂಥದ್ದೇ ಕೆಲಸ. ಕೆಳಕ್ಕೆ ಸರಿಸಿ 75 ಹಿಡಿದೆವು. 216 ಗಂಟೆಗೆ 16,200.

ಮೇಷ್ಟ್ರಿಗೆ ಬೇಜಾರಾಗುತ್ತದೆ ಅಂತ ಒಬ್ಬ ಟ್ರಸ್ಟಿ ಹೆದರಿದ್ದರು. ಮೇಷ್ಟ್ರೇ ನಕ್ಕು ಸಹಿ ಹಾಕಿದರು.

## ಹಂತ 4: ಬಜೆಟ್‌ನ ಎರಡೂ ಕಡೆ ಬರೆಯುವುದು

ಐದನ್ನೂ ಕೂಡಿದರೆ 72,880. ಮೊದಲು ಒಂದೂವರೆ ಲಕ್ಷ ದಾಟಿದ್ದದ್ದು ಅರ್ಧಕ್ಕಿಂತ ಕೆಳಗಿಳಿಯಿತು. ಗುರಿ 1,00,000ಕ್ಕೆ 27,120 ಕಡಿಮೆ.

ಈಗ ಇದು ಬಜೆಟ್‌ನಲ್ಲಿ ಎಲ್ಲಿ ಕೂರಬೇಕು? ಎರಡು ಕಡೆ. ಆದಾಯದಲ್ಲಿ ‘ವಸ್ತು ಮತ್ತು ಶ್ರಮ ರೂಪದ ಕೊಡುಗೆ’ ಅಂತ 72,880. ಖರ್ಚಿನಲ್ಲಿ ಅದು ಯಾವ ಯಾವ ಕೆಲಸಕ್ಕೆ ಹೋಯಿತೋ ಅಲ್ಲಲ್ಲಿ, ನಗದಿನ ಪಕ್ಕದ ಕಾಲಂನಲ್ಲಿ. ಆದಾಯದಲ್ಲಿ ಮಾತ್ರ ಬರೆದರೆ ನಿಮ್ಮ ಹತ್ತಿರ ಖರ್ಚಾಗದ 72,880 ನಗದು ಉಳಿದಂತೆ ಕಾಣುತ್ತದೆ. ಖರ್ಚಿನಲ್ಲಿ ಮಾತ್ರ ಬರೆದರೆ ಅಷ್ಟು ಕೊರತೆ ಇರುವಂತೆ ಕಾಣುತ್ತದೆ. ನನ್ನ ಕೈಗೆ ಬರುವ ತಪ್ಪುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇದೇ.

| ಖರ್ಚು | ನಗದು | ವಸ್ತು/ಶ್ರಮ | ಒಟ್ಟು |
|---|---|---|---|
| ಕೋಣೆ ಬಾಡಿಗೆ | 0 | 20,000 | 20,000 |
| ಪುಸ್ತಕ | 80,000 | 25,500 | 1,05,500 |
| ರ‍್ಯಾಕ್, ಮೇಜು, ಮರಗೆಲಸ | 95,000 | 6,000 | 1,01,000 |
| ದುರಸ್ತಿ, ಸುಣ್ಣಬಣ್ಣ | 32,120 | 5,180 | 37,300 |
| ಗ್ರಂಥಪಾಲಕಿ ಸಂಬಳ | 1,20,000 | 0 | 1,20,000 |
| ಕಥೆ ತರಗತಿ | 0 | 16,200 | 16,200 |
| ಒಟ್ಟು | 3,27,120 | 72,880 | 4,00,000 |

ಆದಾಯದ ಕಡೆ ಅನುದಾನ 3,00,000, ಟ್ರಸ್ಟ್‌ನ ನಗದು 27,120, ವಸ್ತು ಮತ್ತು ಶ್ರಮ 72,880. ಅಲ್ಲೂ 4,00,000. ನಗದು ಖರ್ಚು ನಗದು ಆದಾಯಕ್ಕೆ ಬೇರೆಯಾಗಿ, ವಸ್ತು ಖರ್ಚು ವಸ್ತು ಆದಾಯಕ್ಕೆ ಬೇರೆಯಾಗಿ ತಾಳೆಯಾಗಬೇಕು. ಕೊನೆಯ ಮೊತ್ತ ಮಾತ್ರ ತಾಳೆಯಾಗಿ ನಡುವಿನ ಎರಡು ಆಗದಿದ್ದರೆ, ಶ್ರಮದಾನದ ಬೆಲೆಯಿಂದ ರ‍್ಯಾಕ್ ಕೊಳ್ಳಲು ಹೊರಟಿದ್ದೀರಿ ಅಂತ ಅರ್ಥ.

ಪ್ರತಿ ಸಾಲಿಗೂ ಕೆಳಗೆ ಒಂದು ಟಿಪ್ಪಣಿ ಬೇಕು, ಒಂದೇ ವಾಕ್ಯ ಸಾಕು: ‘216 ಗಂಟೆ × 75 ರೂ., ಗ್ರಂಥಪಾಲಕಿಯ ಗಂಟೆ ದರ ಆಧರಿಸಿ.’ ಎಷ್ಟು, ಯಾವ ದರ, ದರ ಎಲ್ಲಿಂದ ಬಂತು ಅನ್ನುವುದು ಅದರಲ್ಲಿ ಇರಬೇಕು.

## ಹಂತ 5: ಕೊರತೆ ಇದ್ದರೆ

27,120ನ್ನು ದರ ಏರಿಸಿ ತುಂಬಿಸುವ ಆಸೆ ಬರುವುದು ಇಲ್ಲೇ. ಬಾಡಿಗೆ ಸ್ವಲ್ಪ ಜಾಸ್ತಿ, ಗಂಟೆ ಸ್ವಲ್ಪ ಜಾಸ್ತಿ. ಬೇಡ. ದಾರಿ ಎರಡಿವೆ.

ಒಂದು, ನಗದು ಕೂಡಿಸುವುದು. ಈ ಟ್ರಸ್ಟ್ ಚಂದಾ ಎತ್ತಿತು. ಚಂದಾ ಬರುತ್ತದೆ ಅನ್ನುವ ನಂಬಿಕೆಯ ಮೇಲೆ ‘ನಗದು ಕೈಯಲ್ಲಿದೆ’ ಅಂತ ಬರೆಯಬೇಡಿ. ಬಂದದ್ದು ಇಷ್ಟು, ಬರಬೇಕಾದದ್ದು ಇಷ್ಟು ಅಂತ ಎರಡು ಸಾಲು ಮಾಡಿ.

ಎರಡು, ಯೋಜನೆ ಚಿಕ್ಕದು ಮಾಡುವುದು. 72,880 ಶೇ. 25 ಆಗಬೇಕಾದರೆ ಒಟ್ಟು ವೆಚ್ಚ 2,91,520, ಅನುದಾನ 2,18,640. ಅಷ್ಟಕ್ಕೇ ಅರ್ಜಿ ಹಾಕಿದರೆ ಸಿಗುವುದು ಕಡಿಮೆ, ಆದರೆ ಮಧ್ಯದಲ್ಲಿ ಸಿಕ್ಕಿಬೀಳುವುದಿಲ್ಲ.

ಬಜೆಟ್ ಕಳಿಸುವ ಮುಂಚೆ ಕೋಣೆಯವರಿಂದ, ಬಡಗಿಯಿಂದ, ಮೇಷ್ಟ್ರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಏನು ಕೊಡುತ್ತಾರೆ, ಯಾವಾಗಿಂದ ಯಾವಾಗಿನವರೆಗೆ, ಯಾವ ಬೆಲೆಗೆ ಅಂತ ಇದ್ದರೆ ಸಾಕು. ಇದು ಕೊಡುತ್ತೇವೆ ಅನ್ನುವ ಮಾತು ಅಷ್ಟೇ. ಕೊಟ್ಟದ್ದಕ್ಕೆ ದಾಖಲೆ ಬೇರೆಯೇ ಬೇಕು.

## ಹಂತ 6: ಕೆಲಸ ನಡೆಯುವಾಗಿನ ದಾಖಲೆ

ಹಾಜರಿ ಪುಸ್ತಕದಲ್ಲಿ ದಿನಾಂಕ, ಹೆಸರು, ಮಾಡಿದ ಕೆಲಸ, ಬಂದ ಹೊತ್ತು, ಹೋದ ಹೊತ್ತು, ಅವರ ಸಹಿ ಅಥವಾ ಹೆಬ್ಬೆಟ್ಟು, ನೋಡಿಕೊಂಡವರ ಸಹಿ. ಕೆಲಸದ ಜಾಗದಲ್ಲಿ ‘ಸೇವೆ’ ಅಂತ ಬರೆಯಬೇಡಿ, ‘ಉತ್ತರದ ಗೋಡೆ ಕೆರೆದದ್ದು’ ಅಂತ ಬರೆಯಿರಿ. ಅದೇ ದಿನ ಬರೆಯಿರಿ. ತಿಂಗಳ ಕೊನೆಗೆ ಒಟ್ಟಿಗೆ ಬರೆದರೆ ಗೊತ್ತಾಗಿಬಿಡುತ್ತದೆ: ಒಂದೇ ಪೆನ್ನು, ಒಂದೇ ಕೈಬರಹ, ಎಲ್ಲರೂ ಸರಿಯಾಗಿ ನಾಲ್ಕು ಗಂಟೆ, ದೀಪಾವಳಿ ದಿನವೂ ತರಗತಿ. ನಿಜವಾದ ಹಾಜರಿ ಪುಸ್ತಕದಲ್ಲಿ 9.20ಕ್ಕೆ ಬಂದವರೂ ಹನ್ನೆರಡಕ್ಕೇ ಹೋದವರೂ ಇರುತ್ತಾರೆ.

ವಾರಕ್ಕೊಮ್ಮೆ ಸ್ಪ್ರೆಡ್‌ಶೀಟ್‌ಗೆ ಹಾಕಿ. D ಕಾಲಂನಲ್ಲಿ ಬಂದ ಹೊತ್ತು, E ಕಾಲಂನಲ್ಲಿ ಹೋದ ಹೊತ್ತು, F ಕಾಲಂನಲ್ಲಿ ಗಂಟೆ ದರ ಇದ್ದರೆ ಬೆಲೆಗೆ ಸೂತ್ರ ಹೀಗೆ:

```
=ROUND((E2-D2)*24*F2,0)
```

24ರಿಂದ ಗುಣಿಸುವುದನ್ನು ಮರೆತರೆ 185 ಬರಬೇಕಾದ ಕಡೆ 8 ಬರುತ್ತದೆ, ಯಾಕೆಂದರೆ ಶೀಟ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಶ್ರಮದಾನದ ಗಂಟೆ ದರ 370ನ್ನು 8ರಿಂದ ಭಾಗಿಸಿ 46.25.

ವಸ್ತು ಬಂದಾಗ ಕೊಟ್ಟವರಿಗೆ ಸ್ವೀಕೃತಿ ಪತ್ರ ಕೊಡಿ, ದಾಸ್ತಾನು ಪುಸ್ತಕದಲ್ಲಿ ನಂಬರ್ ಹಾಕಿ, ಅದೇ ನಂಬರನ್ನು ಪುಸ್ತಕದ ಒಳಪುಟದಲ್ಲೂ ಬರೆಯಿರಿ. ಆದರೆ 80ಜಿ ಅಂತ ಕರೆಯುವ ಆದಾಯ ತೆರಿಗೆ ವಿನಾಯಿತಿಯ ರಸೀದಿ ಕೊಡಬೇಡಿ. ಆ ತೆರಿಗೆ ವಿನಾಯಿತಿ ದುಡ್ಡಿನ ದಾನಕ್ಕೆ ಮಾತ್ರ, ವಸ್ತುವಿಗಾಗಲೀ ಸಮಯಕ್ಕಾಗಲೀ ಇಲ್ಲ. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೂ ಸಿಗುವುದಿಲ್ಲ, ಹಾಗಾಗಿ ದೊಡ್ಡ ಚಂದಾ ಬ್ಯಾಂಕ್ ಮೂಲಕವೇ ಬರಲಿ. ಟ್ರಸ್ಟ್‌ನ ವಾರ್ಷಿಕ ಲೆಕ್ಕದಲ್ಲಿ ಈ ಕೊಡುಗೆಗಳನ್ನು ಹೇಗೆ ತೋರಿಸಬೇಕು ಅನ್ನುವುದನ್ನು ಆಡಿಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಅನುದಾನದ ವರದಿಗೂ ಆಡಿಟ್ ಲೆಕ್ಕಕ್ಕೂ ವ್ಯತ್ಯಾಸ ಬಂದರೆ, ಅದು ಯಾಕೆ ಅಂತ ಒಂದು ಹಾಳೆ ಬರೆದಿಡಬೇಕು.

## ಹಂತ 7: ಅಂದುಕೊಂಡದ್ದೇ ಬೇರೆ, ಆದದ್ದೇ ಬೇರೆ ಆದಾಗ

ಬಜೆಟ್‌ನಲ್ಲಿ ಬರೆದದ್ದು ಅಂದಾಜು, ವರದಿಯಲ್ಲಿ ಬರೆಯುವುದು ನಡೆದದ್ದು. ಎರಡು ತಿಂಗಳಿಗೊಮ್ಮೆಯಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊನೆಯ ತಿಂಗಳಲ್ಲಿ ನೋಡಿದರೆ ಸರಿ ಮಾಡಲು ಸಮಯ ಇರುವುದಿಲ್ಲ. ಪಾಲು ಕಡಿಮೆಯಾದರೆ ಅದಕ್ಕೆ ತಕ್ಕಂತೆ ಕೊನೆಯ ಕಂತಿನಲ್ಲಿ ಕಡಿತ ಮಾಡುವ ಷರತ್ತು ತುಂಬಾ ಅನುದಾನಗಳಲ್ಲಿ ಇರುತ್ತದೆ.

ನಮ್ಮ ಮೇಷ್ಟ್ರಿಗೆ ಚಳಿಗಾಲದಲ್ಲಿ ಮಂಡಿನೋವು ಬಂದು ಐದು ವಾರ ಬರಲಾಗಲಿಲ್ಲ, ಕೊನೆಗೆ ಒಂದು ದಿನ ಊರಲ್ಲಿ ಇರಲಿಲ್ಲ. ಹಾಜರಿಯಲ್ಲಿ ಸಿಕ್ಕಿದ್ದು 184 ಗಂಟೆ. 32 ಗಂಟೆ ಕಡಿಮೆ, 2,400 ರೂಪಾಯಿ ಕೊರತೆ. ಐದನೇ ವಾರವೇ ಅನುದಾನದವರಿಗೆ ಪತ್ರ ಬರೆದು, ಕೊರತೆ ಬಿದ್ದಷ್ಟನ್ನೂ ಚಂದಾದಿಂದ ತುಂಬಿ ಅಷ್ಟಕ್ಕೂ ಪುಸ್ತಕ ಕೊಳ್ಳುತ್ತೇವೆ ಅಂತ ಕೇಳಿ ಒಪ್ಪಿಗೆ ತೆಗೆದುಕೊಂಡರು. ಕೊನೆಯ ವರದಿಯಲ್ಲಿ ಕಥೆ ತರಗತಿಯ ಸಾಲು 13,800 ಆಯಿತು, ಪುಸ್ತಕದ ನಗದು 82,400 ಆಯಿತು, ಟ್ರಸ್ಟ್‌ನ ನಗದು ಪಾಲು 29,520ಕ್ಕೆ ಏರಿತು. ಪಕ್ಕದಲ್ಲಿ ಚಂದಾ ರಸೀದಿಗಳ ನಂಬರು, ಪುಸ್ತಕದ ಬಿಲ್ ನಂಬರು, ಮೇಷ್ಟ್ರು ಬರದ ಹದಿನಾರು ದಿನಗಳ ದಿನಾಂಕ.